ರಾತ್ರಿ ಹನ್ನೊಂದಕ್ಕೆ ಬರುವ ನೇಮಕಾತಿ ವಾಟ್ಸಾಪ್: ಅಭ್ಯರ್ಥಿ ಗೆರೆ ಎಳೆಯುವ ಕ್ರಮ

ತೋರಣಗಲ್ಲು, ಗಿಣಿಗೇರಿ, ಶಕ್ತಿನಗರದ ಕಡೆ ಕೆಲಸ ಹುಡುಕುವವರಿಗೆ ಮೊದಲ ಸುದ್ದಿ ಬರುವುದು ಬಹಳ ಸಲ ಕಂಪನಿಯಿಂದಲ್ಲ, ನಡುವೆ ಇರುವ ಕನ್ಸಲ್ಟೆನ್ಸಿಯವರಿಂದ ಅಥವಾ ಮ್ಯಾನ್‌ಪವರ್ ಗುತ್ತಿಗೆದಾರರ ಕಡೆಯವರಿಂದ. ಅದು ಬರುವ ದಾರಿ ವಾಟ್ಸಾಪ್, ಬರುವ ಹೊತ್ತಿಗೆ ಹೊತ್ತುಗೊತ್ತಿಲ್ಲ. ರೆಸ್ಯೂಮೆ ಕಳಿಸಿದ ಮರುದಿನವೇ ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಫೋನು ಗುಂಯ್‌ಗುಡತೊಡಗುತ್ತದೆ. ಉತ್ತರಿಸದಿದ್ದರೆ ಕೆಲಸ ಕೈತಪ್ಪೀತೆಂಬ ಭಯ ಒಂದು ಕಡೆ, ಉತ್ತರಿಸಿದರೆ ದಿನಾ ಇದೇ ಆದೀತೆಂಬ ಕಿರಿಕಿರಿ ಇನ್ನೊಂದು ಕಡೆ. ಹೆಣ್ಣುಮಕ್ಕಳಿಗೆ ಮೂರನೆಯದೂ ಒಂದಿರುತ್ತದೆ: ಆ ಹೊತ್ತಿನಲ್ಲಿ ಫೋನಿನ ಬೆಳಕು ಕಂಡ ಮನೆಯವರು "ಯಾರದು ಇಷ್ಟೊತ್ತಿನ್ಯಾಗ?" ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆ ಕೆಲವೊಮ್ಮೆ ಕೆಲಸದ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಹೊರಟಿರುವುದು ಒಂದೇ ವಿಷಯ. ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ ಬಂದಿತೆಂಬುದಷ್ಟೇ ತಪ್ಪಲ್ಲ. ಆ ಹೊತ್ತಿನಲ್ಲಿ ಏನು ಕೇಳಲಾಗಿದೆ ಎಂಬುದನ್ನು ನೋಡಿ ನಡೆಯಬೇಕು, ನಮ್ಮ ಹೊತ್ತು ಯಾವುದೆಂಬುದನ್ನು ಒಮ್ಮೆ ಬರೆದು ತಿಳಿಸಬೇಕು, ಮತ್ತು ಬರೆದ ಮಾತಿಗೆ ನಾವೇ ಮೊದಲು ಬದ್ಧರಾಗಿರಬೇಕು.

ಸಂದೇಶ ರಾತ್ರಿಯೇ ಏಕೆ ಬರುತ್ತದೆ

ಎದುರಿನವರ ಕೆಲಸದ ರೀತಿ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ಕನ್ಸಲ್ಟೆನ್ಸಿಯ ರಿಕ್ರೂಟರ್‌ಗೆ ಪ್ರತಿದಿನ ಇಷ್ಟು ಮಂದಿಯ 'ಲೈನ್‌ಅಪ್' ಕೊಡಬೇಕೆಂಬ ಗುರಿ ಇರುತ್ತದೆ. ಅಂದರೆ ನಾಳೆ ಸಂದರ್ಶನಕ್ಕೆ ಯಾರು ಯಾರು ಬರುತ್ತಾರೆಂಬ ಪಟ್ಟಿ. ಕಂಪನಿಯವರು ಸಂಜೆ ಆರಕ್ಕೆ ಹೊತ್ತು ನಿಗದಿ ಮಾಡಿದರೆ, ಆತ ಪಟ್ಟಿಯಲ್ಲಿರುವವರಿಗೆಲ್ಲ ಹೇಳಿ ಮುಗಿಸುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಕಾರ್ಖಾನೆಗಳಲ್ಲಿ ಮೂರು ಪಾಳಿ ನಡೆಯುವುದರಿಂದ, ಎರಡನೆಯ ಪಾಳಿ ಮುಗಿಸಿ ಬಂದ ವಿಭಾಗದ ಮುಖ್ಯಸ್ಥರು ಆಗ ಹೆಸರು ಕೇಳುವುದೂ ಉಂಟು. ಅಮೆರಿಕದ ಕಂಪನಿಗೆ ಜನರನ್ನು ಹುಡುಕುವವರಿಗಂತೂ ನಮ್ಮ ರಾತ್ರಿಯೇ ಕಚೇರಿಯ ಸಮಯ. ಆದ್ದರಿಂದ ರಾತ್ರಿಯ ಮೊದಲ ಸಂದೇಶವನ್ನೇ ಅಪಮಾನವೆಂದು ಓದಬೇಕಾಗಿಲ್ಲ. ಆದರೆ ಇದೇ ಹೊತ್ತನ್ನು ಬೇಕೆಂದೇ ಆರಿಸಿಕೊಳ್ಳುವವರೂ ಇದ್ದಾರೆ. ಕೇಳಲು ಯಾರೂ ಎಚ್ಚರವಿರದ, ಕಂಪನಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳಲಾಗದ ಹೊತ್ತು ಅವರಿಗೆ ಅನುಕೂಲ.

ಮೊದಲ ಹಂತ: ರೆಸ್ಯೂಮೆ ಕಳಿಸುವ ಮುನ್ನ

ಗೆರೆ ಎಳೆಯುವ ಕೆಲಸ ಸಂದೇಶ ಬಂದ ಮೇಲೆ ಶುರುವಾಗುವುದಲ್ಲ. ರೆಸ್ಯೂಮೆಯಲ್ಲಿ ಯಾವ ನಂಬರು ಹಾಕುತ್ತೇವೆ ಎಂಬಲ್ಲಿಯೇ ಅದರ ಅರ್ಧ ತೀರ್ಮಾನವಾಗಿರುತ್ತದೆ. ನಮ್ಮ ಕಡೆ ಅಪ್ಪನ ಅಥವಾ ಅಣ್ಣನ ನಂಬರು ಕೊಡುವ ರೂಢಿ ಇನ್ನೂ ಇದೆ. ಅದು ರಕ್ಷಣೆಯಂತೆ ಕಂಡರೂ ಸಂದರ್ಶನದ ಕರೆ ಹೊಲದಲ್ಲಿರುವ ಅಪ್ಪನ ಜೇಬಿನಲ್ಲಿ ಉಳಿದುಹೋಗುತ್ತದೆ. ಎರಡು ಸಿಮ್ ಹಾಕುವ ಫೋನಿದ್ದರೆ ಎರಡನೆಯ ನಂಬರನ್ನು ಕೆಲಸದ ಹುಡುಕಾಟಕ್ಕೆಂದೇ ಇಡುವುದು ಒಳ್ಳೆಯದು. ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ವಾಟ್ಸಾಪ್‌ನೊಳಗೆ ಎರಡು ಖಾತೆ ಇಟ್ಟುಕೊಳ್ಳಲು ಈಗ ಅವಕಾಶವಿದೆ. ಕೆಲಸ ಸಿಕ್ಕ ಮೇಲೆ ಆ ಖಾತೆಯ ಸದ್ದು ಅಡಗಿಸಿದರೆ ಸಾಕು, ಮನೆಯ ನಂಬರು ಬದಲಿಸುವ ಪ್ರಮೇಯ ಬರುವುದಿಲ್ಲ.

ಆ ಖಾತೆಯ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೂರು ಬದಲಾವಣೆ ಮಾಡಬೇಕು. ಪ್ರೊಫೈಲ್ ಚಿತ್ರ ಮತ್ತು ಸ್ಟೇಟಸ್ ನಮ್ಮ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಕಾಣುವಂತಿರಲಿ. ಕೊನೆಯ ಬಾರಿ ಯಾವಾಗ ಆನ್‌ಲೈನ್ ಇದ್ದೆವೆಂಬುದೂ ಈಗ ಆನ್‌ಲೈನ್ ಇದ್ದೇವೆಂಬುದೂ ಯಾರಿಗೂ ಕಾಣದಿರಲಿ, "ಆನ್‌ಲೈನ್ ಇದ್ದೀರಲ್ಲ, ಉತ್ತರ ಯಾಕಿಲ್ಲ?" ಎಂಬ ಪ್ರಶ್ನೆಗೆ ಅಲ್ಲಿಯೇ ತಡೆ ಬೀಳುತ್ತದೆ. ಮೂರನೆಯದು, ಕರೆಗಳ ವಿಭಾಗದಲ್ಲಿರುವ `Silence unknown callers`. ಇದನ್ನು ಆನ್ ಮಾಡಿದರೆ ಗೊತ್ತಿಲ್ಲದ ನಂಬರಿನ ವಾಟ್ಸಾಪ್ ಕರೆ ಸದ್ದು ಮಾಡುವುದಿಲ್ಲ, ಆದರೆ ಕರೆಗಳ ಪಟ್ಟಿಯಲ್ಲಿ ಉಳಿದಿರುತ್ತದೆ. ರಿಕ್ರೂಟರ್‌ನ ನಂಬರನ್ನು ಸೇವ್ ಮಾಡಿಕೊಂಡರೆ ಆತ ನಮ್ಮ ಕಾಂಟ್ಯಾಕ್ಟ್ ಆಗಿಬಿಡುತ್ತಾನೆ, ಚಿತ್ರವೂ ಸ್ಟೇಟಸ್ಸೂ ಕಾಣತೊಡಗುತ್ತವೆ ಎಂಬುದು ನೆನಪಿರಲಿ. ಹಾಗಾಗಿ ಸೇವ್ ಮಾಡುವುದಾದರೆ ಆ ಹೆಸರನ್ನು ಹೊರತುಪಡಿಸುವ ಆಯ್ಕೆಯನ್ನು ಜೊತೆಗೇ ಬಳಸಬೇಕು.

ನೀಲಿ ಗೆರೆಯನ್ನು ಆಫ್ ಮಾಡಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ನನ್ನ ಮಟ್ಟಿಗೆ ಅದರ ಅಗತ್ಯವಿಲ್ಲ. ಸಂದರ್ಶನದ ವಿಳಾಸ ಕಳಿಸಿದವರಿಗೆ ಅದು ತಲುಪಿ ಓದಲ್ಪಟ್ಟಿದೆ ಎಂದು ಗೊತ್ತಾಗುವುದು ಇಬ್ಬರಿಗೂ ಒಳ್ಳೆಯದೇ. ರಾತ್ರಿ ಚಾಟ್ ತೆರೆಯದೆ ನೋಟಿಫಿಕೇಶನ್‌ನಲ್ಲಿಯೇ ಓದಿದರೆ ಗೆರೆ ನೀಲಿಯಾಗುವುದೂ ಇಲ್ಲ.

ಎರಡನೆಯ ಹಂತ: ಮೊದಲ ಉತ್ತರದಲ್ಲಿಯೇ ಹೊತ್ತು ಹೇಳುವುದು

ಸಿಂಧನೂರಿನ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳೋಣ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ, ಗಿಣಿಗೇರಿ ಕಡೆಯ ಒಂದು ಕಬ್ಬಿಣದ ಘಟಕದ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಹುದ್ದೆಗೆ ಕನ್ಸಲ್ಟೆನ್ಸಿಯ ಮೂಲಕ ಅರ್ಜಿ ಹಾಕಿದ್ದಾಳೆ. ರಾತ್ರಿ 10.50ಕ್ಕೆ ಮೊದಲ ಸಂದೇಶ ಬರುತ್ತದೆ:

"ಹಾಯ್ ಮೇಡಂ, ನಿಮ್ಮ ಸಿವಿ ಶಾರ್ಟ್‌ಲಿಸ್ಟ್ ಆಗಿದೆ. ಈಗಿನ ಸಂಬಳ ಎಷ್ಟು, ನಿರೀಕ್ಷೆ ಎಷ್ಟು, ಯಾವಾಗ ಸೇರಬಹುದು? ಅರ್ಜೆಂಟ್ ಕಳಿಸಿ."

'ಅರ್ಜೆಂಟ್' ಎಂದಿದ್ದರೂ ಈ ಮೂರು ಪ್ರಶ್ನೆಗಳಲ್ಲಿ ಯಾವುದೂ ಬೆಳಗಿನವರೆಗೆ ಕಾಯದಂಥದ್ದಲ್ಲ. ಪರೀಕ್ಷೆ ಸರಳವಾಗಿದೆ: ಬೆಳಿಗ್ಗೆ ಒಂಬತ್ತರವರೆಗೆ ಸುಮ್ಮನಿದ್ದರೆ ಏನು ಕಳೆದುಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಸಂಬಳದ ವಿವರವನ್ನು ಕಂಪನಿಯ ಎಚ್‌ಆರ್ ವಿಭಾಗ ನೋಡುವುದೇ ಕಚೇರಿ ತೆರೆದ ಮೇಲೆ, ಆದ್ದರಿಂದ ಏನೂ ಕಳೆಯುವುದಿಲ್ಲ. ಅಲ್ಲದೆ ರಾತ್ರಿ ನಿದ್ದೆಗಣ್ಣಿನಲ್ಲಿ ಹೇಳಿದ ಸಂಬಳದ ಅಂಕಿಯನ್ನು ಮರುದಿನ ಏರಿಸುವುದು ಕಷ್ಟ. ಅವಳು ಬೆಳಿಗ್ಗೆ 9.10ಕ್ಕೆ ಹೀಗೆ ಉತ್ತರಿಸಬಹುದು:

"ನಮಸ್ಕಾರ ಸರ್. ನೀವು ಕೇಳಿದ ಮೂರೂ ವಿವರಗಳನ್ನು ಇಮೇಲ್‌ನಲ್ಲಿ ಕಳಿಸಿದ್ದೇನೆ. ನಾನು ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಫೋನ್ ಮತ್ತು ವಾಟ್ಸಾಪ್‌ನಲ್ಲಿ ಸಿಗುತ್ತೇನೆ. ಅದರ ನಂತರ ಬಂದ ಸಂದೇಶಕ್ಕೆ ಮರುದಿನ ಬೆಳಿಗ್ಗೆ ಉತ್ತರಿಸುತ್ತೇನೆ. ಮರುದಿನ ಬೆಳಗಿನ ಸಂದರ್ಶನವಿದ್ದರೆ ಸಮಯ ಮತ್ತು ವಿಳಾಸ ಬರೆದು ಬಿಡಿ, ನೋಡಿಕೊಳ್ಳುತ್ತೇನೆ."

ಈ ಉತ್ತರದಲ್ಲಿ ಕ್ಷಮೆಯಿಲ್ಲ, ದೂರೂ ಇಲ್ಲ. "ತಡವಾಗಿದ್ದಕ್ಕೆ ಸಾರಿ ಸರ್" ಎಂದು ಶುರುಮಾಡಿದರೆ ರಾತ್ರಿಯೇ ಉತ್ತರಿಸುವುದು ತನ್ನ ಕರ್ತವ್ಯವಾಗಿತ್ತೆಂದು ಅವಳೇ ಒಪ್ಪಿಕೊಂಡಂತಾಗುತ್ತದೆ. "ರಾತ್ರಿ ಮೆಸೇಜ್ ಮಾಡಬೇಡಿ" ಎಂದರೆ ಪಟ್ಟಿ ತುಂಬಿಸುವ ಅವಸರದಲ್ಲಿರುವವನಿಗೆ ಸುಮ್ಮನೆ ಚುಚ್ಚಿದಂತಾಗುತ್ತದೆ. ತನ್ನ ಹೊತ್ತು ಹೇಳಿ, ನಿಜವಾದ ತುರ್ತಿಗೆ ಒಂದು ಕಿಂಡಿ ಬಿಟ್ಟಿರುವುದರಿಂದ ಒಳ್ಳೆಯ ರಿಕ್ರೂಟರ್ ಇದರಿಂದ ಬೇಸರಿಸಿಕೊಳ್ಳುವುದಿಲ್ಲ. ಅವನಿಗೆ ಬೇಕಿರುವುದು ಖಚಿತ ಉತ್ತರವೇ ಹೊರತು ತಕ್ಷಣದ ಉತ್ತರವಲ್ಲ.

ಸಂಬೋಧನೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಗುರುತಿಲ್ಲದವರನ್ನು ಅಣ್ಣ, ಅಕ್ಕ ಎನ್ನುವುದು ಸಹಜ ಮರ್ಯಾದೆ. ಬಸ್‌ಸ್ಟ್ಯಾಂಡಿನಲ್ಲಿ ಅದು ಸರಿ. ನೇಮಕಾತಿಯ ಚಾಟ್‌ನಲ್ಲಿ ಮಾತ್ರ ಕೊನೆಯವರೆಗೂ ಸರ್, ಮೇಡಂ, ನೀವು ಎಂದೇ ಇರಲಿ. ಎದುರಿನವರು ಮೇಡಂನಿಂದ ತಂಗಿಗೆ, ನೀವುನಿಂದ ನೀನುಗೆ ಇಳಿದರೂ ನಮ್ಮ ಉತ್ತರ ಇಳಿಯಬಾರದು. ಹಲವರು ಅಷ್ಟಕ್ಕೇ ತಾವೇ ಸರಿಹೋಗುತ್ತಾರೆ.

ಮೂರನೆಯ ಹಂತ: ಹೇಳಿದ ಹೊತ್ತನ್ನು ನಾವೇ ಪಾಲಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಸಂಜೆ ಏಳು ಎಂದು ಬರೆದು, ಅದೇ ರಾತ್ರಿ ಹನ್ನೊಂದೂವರೆಗೆ "ಓಕೆ ಸರ್" ಎಂದು ಹೆಬ್ಬೆರಳು ಎತ್ತಿದರೆ ಬರೆದದ್ದು ನೀರಿನಲ್ಲಿ ಹೋಮ. ಬರೆದು ತಿಳಿಸಿದ ಮೇಲೆ ಮೊದಲ ವಾರದಲ್ಲಿ ಬರುವ ರಾತ್ರಿಯ ಸಂದೇಶಗಳಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಆ ಚಾಟ್ ಅನ್ನು ಮ್ಯೂಟ್ ಮಾಡುವುದಾದರೆ ಎಂಟು ಗಂಟೆಗಳ ಆಯ್ಕೆ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಅದು ತಾನೇ ತೆರೆದುಕೊಳ್ಳುತ್ತದೆ. 'ಯಾವಾಗಲೂ' ಎಂದು ಮ್ಯೂಟ್ ಮಾಡಿದವರು ಹಗಲಿನ ಸಂದೇಶವನ್ನೂ ಕಳೆದುಕೊಳ್ಳುತ್ತಾರೆ.

ಮುಖ್ಯ ವಿನಾಯಿತಿ ಮರುದಿನ ಬೆಳಗಿನ ಸಂದರ್ಶನ. ನಮ್ಮ ಅಭ್ಯರ್ಥಿಗೆ ನಾಲ್ಕನೆಯ ದಿನ ರಾತ್ರಿ 10.20ಕ್ಕೆ ಸಂದೇಶ ಬಂತೆನ್ನೋಣ: "ನಾಳೆ ಬೆಳಿಗ್ಗೆ 9.30ಕ್ಕೆ ಪ್ಲಾಂಟ್‌ನಲ್ಲಿ ಇಂಟರ್‌ವ್ಯೂ. ಬರ್ತೀರಾ?" ಸಿಂಧನೂರಿನಿಂದ ಗಂಗಾವತಿಯ ಮೇಲೆ ಹಾಯ್ದು ಹೋಗಬೇಕಾದವಳು ನಸುಕಿನಲ್ಲಿಯೇ ಬಸ್ ಹಿಡಿಯಬೇಕು, ಆದ್ದರಿಂದ ಇದು ಕಾಯುವಂಥದ್ದಲ್ಲ. ಉತ್ತರ ಒಂದೇ ಸಾಲು: "ಬರುತ್ತೇನೆ ಸರ್. ಗೇಟಿನಲ್ಲಿ ಯಾರ ಹೆಸರು ಹೇಳಬೇಕು, ಯಾವ ದಾಖಲೆ ತರಬೇಕು ಎಂದು ಬರೆದು ಬಿಡಿ." ಅಥವಾ, ಅಷ್ಟೇ ಸಲೀಸಾಗಿ: "ನಾಳೆ 9.30ಕ್ಕೆ ತಲುಪಲು ಆಗುವುದಿಲ್ಲ ಸರ್. ನಾಳೆ 12ರ ನಂತರ ಅಥವಾ ನಾಡಿದ್ದು ಯಾವ ಹೊತ್ತಿಗಾದರೂ ಬರಬಲ್ಲೆ." ರಾತ್ರಿ ಹತ್ತಕ್ಕೆ ಹೇಳಿದ ಹೊತ್ತನ್ನು ಬದಲಿಸಲು ಕೇಳುವುದು ಅವಿಧೇಯತೆಯಲ್ಲ, ಕಂಪನಿಗಳು ಇದನ್ನು ದಿನಾ ಮಾಡುತ್ತವೆ. ಉತ್ತರ ಕಳಿಸಿದ ಮೇಲೆ ಫೋನು ಕೆಳಗಿಡಬೇಕು. "ಸರಿ, ಇನ್ನೇನು ಸಮಾಚಾರ, ಊಟ ಆಯ್ತಾ?" ಎಂದು ಮುಂದಿನ ಸಂದೇಶ ಬಂದರೆ ಅದು ಸಂದರ್ಶನದ ಮಾತಲ್ಲ; ಅದಕ್ಕೆ ಅಂದೂ ಉತ್ತರವಿಲ್ಲ, ಮರುದಿನವೂ ಇಲ್ಲ.

ತೀರ್ಮಾನದ ವಿಷಯಗಳು, ಅಂದರೆ ಸಂಬಳ, ಸೇರುವ ದಿನಾಂಕ, ಆಫರ್ ಒಪ್ಪುವುದು ಅಥವಾ ಬಿಡುವುದು, ಇಮೇಲ್‌ನಲ್ಲಿಯೇ ನಡೆಯಲಿ. ವಾಟ್ಸಾಪ್‌ನಲ್ಲಿ ಬಂದ ಮಾತನ್ನು "ಖಚಿತಪಡಿಸಿಕೊಳ್ಳಲು" ಎಂದು ಇಮೇಲ್‌ಗೆ ಎತ್ತಿಕೊಂಡು ಹೋದರೆ ರಾತ್ರಿಯ ಒತ್ತಡ ತಾನಾಗಿ ಸಡಿಲವಾಗುತ್ತದೆ. ರಾತ್ರಿಯಲ್ಲದೆ ಬಿಡುವೇ ಸಿಗದವರು ಇಮೇಲನ್ನು ಆಗಲೇ ಬರೆದು, ಜಿಮೇಲ್‌ನ `Schedule send` ಮೂಲಕ ಬೆಳಿಗ್ಗೆ ಒಂಬತ್ತಕ್ಕೆ ಹೋಗುವಂತೆ ಇಡಬಹುದು.

ಕರೆ ಮತ್ತು ವಿಡಿಯೋ

ರಾತ್ರಿಯ ವಾಟ್ಸಾಪ್ ಕರೆಯನ್ನು ಎತ್ತದಿರುವುದೇ ಸರಿಯಾದ ಕ್ರಮ. ಎರಡು ನಿಮಿಷ ಬಿಟ್ಟು "ಕರೆ ನೋಡಿದೆ ಸರ್, ವಿಷಯ ಬರೆದು ಕಳಿಸಿ" ಎಂದು ಒಮ್ಮೆ ಬರೆಯಬಹುದು. ಬರೆಯಲಾಗದ ಕೆಲಸದ ವಿಷಯ ಬಹುಮಟ್ಟಿಗೆ ಇರುವುದಿಲ್ಲ. ವಿಡಿಯೋ ಸಂದರ್ಶನ ಎಂದರೆ ಮುಂಚಿತವಾಗಿ ಇಮೇಲ್‌ನಲ್ಲಿ ಲಿಂಕ್, ಹೊತ್ತು ಮತ್ತು ಸಂದರ್ಶಕರ ಹೆಸರು ಬಂದಿರಬೇಕು. ಸೂಚನೆ ಇಲ್ಲದೆ ನೇರವಾಗಿ ಬಂದ ವಾಟ್ಸಾಪ್ ವಿಡಿಯೋ ಕರೆಯನ್ನು ಸಂದರ್ಶನವೆಂದು ಯಾರು ಕರೆದರೂ ನಂಬಬೇಕಾಗಿಲ್ಲ. ಗೇಟ್ ಪಾಸ್, ಮೆಡಿಕಲ್, ಸಮವಸ್ತ್ರದ ಹೆಸರಿನಲ್ಲಿ "ಬೆಳಗಾಗುವುದರೊಳಗೆ ಹಣ ಹಾಕಿ" ಎಂದು ಬಂದರೆ ಅಲ್ಲಿಗೆ ಚಾಟ್ ಮುಗಿಯಿತೆಂದೇ ಲೆಕ್ಕ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಲ್ಕನೆಯ ಹಂತ: ಮಾತು ಕೆಲಸವನ್ನು ದಾಟಿದಾಗ

ದಾಟುವುದು ಒಮ್ಮೆಲೇ ಆಗುವುದಿಲ್ಲ. "ಡಿಪಿ ಚೆನ್ನಾಗಿದೆ" ಎಂಬಲ್ಲಿ ಶುರುವಾಗಿ, "ಮದುವೆ ಆಗಿದೆಯಾ?" ಎಂದು ಮುಂದುವರಿದು, "ನಿಮ್ಮ ಆಫರ್ ನನ್ನ ಕೈಯಲ್ಲೇ ಇದೆ, ಸ್ವಲ್ಪ ಮಾತಾಡಿದರೆ ಏನಾಗುತ್ತೆ?" ಎಂಬಲ್ಲಿಗೆ ಮುಟ್ಟುತ್ತದೆ. ಪಾಳಿಯ ಕೆಲಸಕ್ಕೆ ಮನೆಯವರ ಒಪ್ಪಿಗೆ ಇದೆಯೇ ಎಂದು ಕೇಳುವ ನೆಪದಲ್ಲಿಯೂ ಕೆಲವರು ಮದುವೆಯ ಮಾತು ತೆಗೆಯುತ್ತಾರೆ. ಅದಕ್ಕೆ "ಮೂರೂ ಪಾಳಿಯಲ್ಲಿ ಕೆಲಸ ಮಾಡಲು ಸಿದ್ಧಳಿದ್ದೇನೆ" ಎಂಬ ಉತ್ತರ ಸಾಕು. ಆಫರ್ ನನ್ನ ಕೈಯಲ್ಲಿದೆ ಎಂಬ ಬಗೆಯ ಮಾತು ಬಂದಾಗ ಮಾತ್ರ ಸುತ್ತಿಬಳಸುವುದು ಬೇಡ, ನಗುವ ಇಮೋಜಿಯೂ ಬೇಡ. ಒಂದು ಸಲ, ಸ್ಪಷ್ಟವಾಗಿ, ಬರವಣಿಗೆಯಲ್ಲಿ:

"ಸರ್, ಈ ನಂಬರಿಗೆ ಕೆಲಸಕ್ಕೆ ಸಂಬಂಧಿಸಿದ ಸಂದೇಶ ಮಾತ್ರ ಕಳಿಸಿ. ವೈಯಕ್ತಿಕ ಸಂದೇಶ ಮತ್ತು ಕರೆ ನನಗೆ ಬೇಡ."

ಈ ಸಾಲಿಗೆ ಕಾನೂನಿನ ತೂಕವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು, ಮಹಿಳೆಯೊಬ್ಬಳು ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ವೈಯಕ್ತಿಕ ಸಂಪರ್ಕ ಬೆಳೆಸಲು ಪುರುಷನೊಬ್ಬ ಮತ್ತೆ ಮತ್ತೆ ಸಂಪರ್ಕಿಸುವುದನ್ನು ಹಿಂಬಾಲಿಸುವ ಅಪರಾಧವೆಂದು ಪರಿಗಣಿಸುತ್ತದೆ. ಲೈಂಗಿಕ ಬೇಡಿಕೆ ಇದ್ದರೆ 75ನೆಯ ಕಲಮು ಅನ್ವಯಿಸುತ್ತದೆ. ಸುಮ್ಮನಿದ್ದುಬಿಟ್ಟರೆ "ಅವರು ಬೇಡ ಅಂದಿರಲಿಲ್ಲ" ಎಂದು ಎದುರಿನವನು ವಾದಿಸಲು ಜಾಗ ಉಳಿಯುತ್ತದೆ, ಈ ಒಂದು ಸಾಲು ಆ ಜಾಗವನ್ನು ಮುಚ್ಚುತ್ತದೆ. ಸಾಲು ಕಳಿಸಿದ ಮೇಲೆ ಚರ್ಚೆಗೆ ಇಳಿಯಬಾರದು, "ತಮಾಷೆ ಮಾಡಿದೆ" ಎಂಬುದಕ್ಕೂ ಉತ್ತರಿಸಬಾರದು.

ಮುಂದಿನ ಕೆಲಸ ದಾಖಲೆ. ಸ್ಕ್ರೀನ್‌ಶಾಟ್ ತೆಗೆಯುವಾಗ ಸೇವ್ ಮಾಡಿದ ಹೆಸರಷ್ಟೇ ಕಂಡರೆ ಸಾಲದು, ಆ ಖಾತೆಯ ವಿವರ ತೆರೆದು ಫೋನ್ ನಂಬರು ಕಾಣುವಂತೆ ಇನ್ನೊಂದು ಚಿತ್ರ ತೆಗೆಯಬೇಕು. ಸಂದೇಶದ ದಿನಾಂಕ ಮತ್ತು ಹೊತ್ತು ಚಿತ್ರದಲ್ಲಿ ಬಂದಿರಬೇಕು. ನಂತರ ಚಾಟ್‌ನ ಮೂರು ಚುಕ್ಕಿಯ ಮೆನುವಿನಲ್ಲಿ `More`, ಅದರಲ್ಲಿ `Export chat` ಒತ್ತಿ ಪೂರ್ಣ ಸಂಭಾಷಣೆಯನ್ನು ನಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಬೇಕು. ಆದರೆ ಎಕ್ಸ್‌ಪೋರ್ಟ್ ಮಾಡಿದ ಪ್ರತಿಯೊಂದೇ ಸಾಕ್ಷ್ಯಕ್ಕೆ ಸಾಕೆಂದುಕೊಂಡು ಮೂಲ ಚಾಟ್ ಅಳಿಸಬಾರದು. ತನಿಖೆಯಲ್ಲಿ ಮೂಲ ಫೋನೇ ಮುಖ್ಯ. ಇದೆಲ್ಲ ಆದ ಮೇಲೆಯೇ ರಿಪೋರ್ಟ್ ಮತ್ತು ಬ್ಲಾಕ್.

ಇಲ್ಲಿ ಗಮನಿಸಬೇಕಾದ ಒಂದು ಲಕ್ಷಣವಿದೆ. ಚಾಟ್‌ನ ನಡುವೆ, ಸಂದೇಶಗಳು 24 ಗಂಟೆ ಅಥವಾ 7 ದಿನಗಳ ನಂತರ ಮಾಯವಾಗುವಂತೆ ಎದುರಿನವರು ಬದಲಿಸಿದ್ದಾರೆಂಬ ಸಣ್ಣ ಸೂಚನೆ ಕಾಣಿಸಿಕೊಳ್ಳಬಹುದು. ಸಂದರ್ಶನದ ವಿಳಾಸ ಕಳಿಸುವವರಿಗೆ ಅದರ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಇಬ್ಬರ ಚಾಟ್‌ನಲ್ಲಿ ಯಾರು ಬೇಕಾದರೂ ಅದನ್ನು ಆಫ್ ಮಾಡಬಹುದು, ಆದರೆ ಆನ್ ಇದ್ದಾಗ ಬಂದ ಸಂದೇಶಗಳು ಉಳಿಯುವುದಿಲ್ಲ. ಆ ಸೂಚನೆ ಕಂಡ ಕ್ಷಣವೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು.

ದೂರು ಎಲ್ಲಿಗೆ

ಕನ್ಸಲ್ಟೆನ್ಸಿಯ ಮನುಷ್ಯನ ಮೇಲೆ ದೂರು ಕೊಟ್ಟರೆ ಕಂಪನಿಯ ಕೆಲಸ ಹೋಗುತ್ತದೆಂದು ಹಲವರು ಹಿಂಜರಿಯುತ್ತಾರೆ. ಇವೆರಡು ಬೇರೆ ಬೇರೆ ಸಂಸ್ಥೆಗಳು. ಕಂಪನಿಯ ಎಚ್‌ಆರ್ ವಿಭಾಗಕ್ಕೆ, ಅವರ ಅಧಿಕೃತ ಇಮೇಲ್ ವಿಳಾಸಕ್ಕೆ, ನಾಲ್ಕು ಸಾಲು ಬರೆಯುವುದೇ ಮೊದಲ ದಾರಿ: ಯಾವ ಹುದ್ದೆ, ಯಾವ ಕನ್ಸಲ್ಟೆನ್ಸಿ, ಯಾವ ದಿನಾಂಕಗಳಲ್ಲಿ ಎಂಥ ಸಂದೇಶ ಬಂತು, ಮತ್ತು "ಮುಂದಿನ ಪ್ರಕ್ರಿಯೆಗೆ ಬೇರೊಬ್ಬರನ್ನು ಸಂಪರ್ಕಕ್ಕೆ ಕೊಡಿ" ಎಂಬ ಕೋರಿಕೆ. ವಿಶೇಷಣಗಳು ಬೇಡ, ಸ್ಕ್ರೀನ್‌ಶಾಟ್‌ಗಳೇ ಮಾತಾಡಲಿ.

ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ಕೊಡಬಹುದು. ಆ ಕಾಯ್ದೆಯಲ್ಲಿ ನೊಂದ ಮಹಿಳೆ ಉದ್ಯೋಗದಲ್ಲಿ ಇರಲೇಬೇಕೆಂದಿಲ್ಲ, ಆದ್ದರಿಂದ ಅಭ್ಯರ್ಥಿಯೆಂಬ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಆದರೆ ನಮ್ಮ ಊರುಗಳ ಕನ್ಸಲ್ಟೆನ್ಸಿಯೆಂದರೆ ಬಹಳ ಸಲ ಒಂದು ಕೋಣೆ, ನಾಲ್ಕು ಜನ. ಅಂಥ ಕಡೆ, ಅಥವಾ ಮಾಲೀಕನೇ ಕಿರುಕುಳ ಕೊಟ್ಟಿದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ಕೊನೆಯ ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಪೊಲೀಸ್ ದೂರಿಗೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸಿಇಎನ್ ಠಾಣೆ, ಇಲ್ಲವೇ `cybercrime.gov.in`. ಸಲಹೆಗೆ ಮಹಿಳಾ ಸಹಾಯವಾಣಿ 181. ಈ ಕಾಯ್ದೆ ಮತ್ತು ಕಲಮುಗಳು ಮಹಿಳೆಯರ ರಕ್ಷಣೆಗೆಂದು ಬರೆದವು. ಕಿರಿಕಿರಿಗೆ ಒಳಗಾದ ಹುಡುಗರಿಗೆ ಕಂಪನಿಯ ಎಚ್‌ಆರ್‌ಗೆ ಬರೆಯುವ ದಾರಿ ಇದೆ, ಬೆದರಿಕೆ ಅಥವಾ ಹಣದ ವಿಷಯವಿದ್ದರೆ ಪೊಲೀಸ್ ದಾರಿಯೂ ಇದೆ.

ಕೆಲಸಕ್ಕೆ ಸೇರಿದ ಮೇಲೆ

ಸೇರಿದ ತಕ್ಷಣ ರಿಕ್ರೂಟರ್‌ನ ಸಂದೇಶ ನಿಲ್ಲುತ್ತದೆಂದು ಭಾವಿಸಬೇಡಿ. ಕಳಿಸಿದ ಅಭ್ಯರ್ಥಿ ಕೆಲವು ತಿಂಗಳು ಕೆಲಸದಲ್ಲಿ ಉಳಿದರೆ ಮಾತ್ರ ಕನ್ಸಲ್ಟೆನ್ಸಿಗೆ ಪೂರ್ತಿ ಶುಲ್ಕ ದಕ್ಕುವ, ನಡುವೆ ಬಿಟ್ಟರೆ ಬೇರೊಬ್ಬರನ್ನು ಕೊಡಬೇಕಾದ ಒಪ್ಪಂದಗಳು ಸಾಮಾನ್ಯ. ಹಾಗಾಗಿ "ಹೇಗಿದೆ ಕೆಲಸ, ಬಿಡುವ ಯೋಚನೆ ಇಲ್ಲ ತಾನೆ?" ಎಂಬ ವಿಚಾರಣೆ ಆಗಾಗ ಬರುತ್ತಿರುತ್ತದೆ. ಹಗಲಿನಲ್ಲಿ ಒಂದು ಸಾಲಿನ ಉತ್ತರ ಕೊಟ್ಟರೆ ಅವರ ಲೆಕ್ಕವೂ ಸರಿಯಾಗುತ್ತದೆ, ನಮ್ಮ ಹೊತ್ತೂ ಉಳಿಯುತ್ತದೆ. ಪಾಳಿ ಬದಲಾವಣೆ, ರಜೆ, ಸಂಬಳದ ಚೀಟಿಯಂಥ ವಿಷಯಗಳನ್ನು ಅವರ ಮೂಲಕ ಕೇಳಿಸಬಾರದು. ಸೇರಿದ ದಿನವೇ ಕಂಪನಿಯ ಎಚ್‌ಆರ್ ಮತ್ತು ಪಾಳಿಯ ಮೇಲ್ವಿಚಾರಕರ ನಂಬರು ಬರೆದುಕೊಂಡು, ಹಳೆಯ ಚಾಟ್ ಅನ್ನು ಅಳಿಸದೆ ಆರ್ಕೈವ್‌ಗೆ ಸರಿಸಬೇಕು.